ಕಾರ್ಡ್‌ನಲ್ಲಿ ಇಲ್ಲ, ಸ್ಲೈಡ್‌ನಲ್ಲಿ ಇದೆ

ಮಂಜೇಶ್ವರದ ಹತ್ತಿರ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಮಳೆಗಾಲದಲ್ಲಿ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಬರುವವರು ಜ್ವರ ಅಂತ ಬಂದರೆ ನನಗೆ ಮೊದಲು ನೆನಪಾಗುವುದು ಮಲೇರಿಯಾ.

ಹಾಗೆ ಬಂದವರು ಒಬ್ಬ ಸೆಂಟ್ರಿಂಗ್ ಕೆಲಸದ ಅಣ್ಣ. ಮೂರು ದಿನದಿಂದ ಜ್ವರ, ದಿನಾ ಬರುತ್ತಿತ್ತು. ಬೆರಳು ಚುಚ್ಚಿ ರ‍್ಯಾಪಿಡ್ ಕಾರ್ಡ್ ಹಾಕಿದೆ. ಕಂಟ್ರೋಲ್ ಗೆರೆ ಮಾತ್ರ ಮೂಡಿತು. 'ನೆಗೆಟಿವ್' ಅಂತ ಬರೆದು ಕಳಿಸಿದೆ. ಅದು ನನ್ನ ತಪ್ಪು. ರಕ್ತದಲ್ಲಿ ಪರಾವಲಂಬಿ ಕಡಿಮೆ ಇದ್ದರೆ ಕಾರ್ಡ್‌ಗೆ ಗೊತ್ತಾಗದು. ಸ್ಲೈಡ್ ಕೂಡ ಮಾಡಬೇಕಿತ್ತು.

ನಾಲ್ಕು ದಿನ ಬಿಟ್ಟು ಮತ್ತೆ ಬಂದರು. "ಈಗ ಒಂದು ದಿನ ಬಿಟ್ಟು ಒಂದು ದಿನ ಮಾರಾಯ್ರೆ. ಮಧ್ಯಾಹ್ನ ಚಳಿ ಹಿಡಿದರೆ ಎರಡು ಕಂಬಳಿ ಹೊದ್ದರೂ ಸಾಲುವುದಿಲ್ಲ. ಸಂಜೆ ಬೆವರಿ ಬಿಡುತ್ತದೆ, ಮರುದಿನ ಆರಾಮ." ವೈವಾಕ್ಸ್ ಮಲೇರಿಯಾದಲ್ಲಿ ಪರಾವಲಂಬಿಗಳು ಸುಮಾರು 48 ಗಂಟೆಗೊಮ್ಮೆ ಒಟ್ಟಿಗೆ ಕೆಂಪು ರಕ್ತಕಣ ಒಡೆದು ಹೊರಬರುತ್ತವೆ. ಚಳಿ ಹಿಡಿಯುವುದು ಆಗ. ಶುರುವಿನಲ್ಲಿ ಈ ಲೆಕ್ಕ ಕೂಡಿ ಬರುವುದಿಲ್ಲ, ಜ್ವರ ದಿನಾ ಬರಬಹುದು. ಹಾಗಾಗಿ ದಿನ ಬಿಟ್ಟು ಬಂದರೆ ಮಾತ್ರ ಮಲೇರಿಯಾ ಅಂತ ಕಾಯಬಾರದು.

ಈ ಸಲ ಒಂದೇ ಗಾಜಿನ ಮೇಲೆ ಎರಡೂ ಮಾಡಿದೆ: ಒಂದು ಕಡೆ ದಪ್ಪ ಹನಿ, ಇನ್ನೊಂದು ಕಡೆ ತೆಳುವಾಗಿ ಎಳೆದ ಪದರ. ದಪ್ಪ ಹನಿಯಲ್ಲಿ ರಕ್ತ ಜಾಸ್ತಿ ಇರುವುದರಿಂದ ಪರಾವಲಂಬಿ ಬೇಗ ಸಿಗುತ್ತದೆ. ಯಾವ ಜಾತಿ ಅಂತ ಹೇಳುವುದು ತೆಳು ಪದರ. ಅಲ್ಲಿ ಸೋಂಕು ತಗುಲಿದ ರಕ್ತಕಣಗಳು ಪಕ್ಕದವಕ್ಕಿಂತ ಉಬ್ಬಿದ್ದವು, ಒಳಗೆಲ್ಲ ಗುಲಾಬಿ ಚುಕ್ಕೆ. ಅನುಮಾನವೇ ಇರಲಿಲ್ಲ, ವೈವಾಕ್ಸ್.

ಡಾಕ್ಟರ್ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆದರು. ಜ್ವರ ಬಿಟ್ಟಿತು, ಅಣ್ಣ ಕೆಲಸಕ್ಕೆ ಹೋದರು. ಸುಮಾರು ಎರಡು ತಿಂಗಳಿಗೆ ಅದೇ ಚಳಿ, ಅದೇ ಸ್ಲೈಡ್. ಹಳೇ ಮಾತ್ರೆ ತರಿಸಿ ಎಣಿಸಿದೆ. ಪ್ರೈಮಾಕ್ವಿನ್ 14ರಲ್ಲಿ 9 ಹಾಗೇ ಉಳಿದಿತ್ತು. "ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಂಡರೆ ಉರಿ. ಜ್ವರವೂ ಇರಲಿಲ್ಲ ಅಲ್ವಾ?"

ಜ್ವರ ಬಿಡಿಸಿದ್ದು ಕ್ಲೋರೋಕ್ವಿನ್. ಅದು ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ. ಲಿವರ್‌ನಲ್ಲಿ ಮಲಗಿರುವವು ಅದಕ್ಕೆ ಜಗ್ಗುವುದಿಲ್ಲ, ಮುಂದೆ ಎದ್ದು ಮತ್ತೆ ಜ್ವರ ತರುತ್ತವೆ. ಅವಕ್ಕೆ ಪ್ರೈಮಾಕ್ವಿನ್ನೇ ಬೇಕು. ಹೊಸ ಸೊಳ್ಳೆ ಕಚ್ಚಿಯೂ ಬಂದಿರಬಹುದು, ಸ್ಲೈಡ್ ನೋಡಿ ಅದನ್ನು ಬೇರ್ಪಡಿಸಲು ನನ್ನಿಂದ ಆಗದು. ಆದರೂ ಆ 9 ಮಾತ್ರೆಯ ಮೇಲೆಯೇ ನನ್ನ ಅನುಮಾನ.

ಪ್ರೈಮಾಕ್ವಿನ್ ಎಲ್ಲರಿಗೂ ಆಗುವುದಿಲ್ಲ. ಗರ್ಭಿಣಿಯರಿಗೆ ಕೊಡುವುದಿಲ್ಲ. ಕೆಂಪು ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಲ್ಲಿ ರಕ್ತಕಣ ಒಡೆಯುತ್ತದೆ. ಆ ಪರೀಕ್ಷೆಯಲ್ಲಿ ಅಣ್ಣನಿಗೆ ತೊಂದರೆ ಕಾಣಲಿಲ್ಲ. ಆದರೂ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕು ಅಂತ ಡಾಕ್ಟರ್ ಹೇಳಿದರು.

ಈ ಸಲ ಮಾತ್ರೆ ರಾತ್ರಿ ಊಟದ ಮೇಲೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಗೆರೆ ಎಳೆಯುವ ಕೆಲಸವನ್ನು ಅವರ ಮಗಳು ವಹಿಸಿಕೊಂಡಳು. 15ನೇ ದಿನ ಅಣ್ಣ ಖಾಲಿ ಸ್ಟ್ರಿಪ್ ತಂದು ನನ್ನ ಮೇಜಿನ ಮೇಲೆ ಇಟ್ಟರು.