ಬೋನಸ್ ಒಪ್ಪುವ ಮುಂಚೆ ನಾನು ಹಾಕುವ ಲೆಕ್ಕ

ಕಾರವಾರದ ಬಹಳ ಹುಡುಗರ ಹಾಗೆ ನನ್ನ ಕೆಲಸವೂ ಗೋವೆಯಲ್ಲೇ ಇತ್ತು. ಪಣಜಿಯ ಒಂದು ಆಫೀಸಿನಲ್ಲಿ ಕೂತು, ಹೊರದೇಶದ ಆನ್‌ಲೈನ್ ಕ್ಯಾಸಿನೊ ಒಂದರ ಗ್ರಾಹಕರು ಗೆದ್ದ ಹಣ ಬಿಡಿಸಿಕೊಳ್ಳಲು ಅರ್ಜಿ ಹಾಕಿದಾಗ ಅವರ ಆಟದ ದಾಖಲೆ ತಪಾಸಣೆ ಮಾಡುವುದು ನನ್ನ ಪಾಲಿನ ಕೆಲಸ. ಕಟ್ಟಿದ ಹಣದ ಮೇಲೆ ಕ್ಯಾಸಿನೊ ಸೇರಿಸಿ ಕೊಡುವ ಬೋನಸ್ ತೆಗೆದುಕೊಂಡವರ ಅರ್ಜಿ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಒಂದೇ ವಿಷಯ: ಬೋನಸ್ ಖಾತೆಗೆ ಬಿದ್ದ ಕ್ಷಣದಿಂದ, ಹಣ ಬಿಡಿಸಿಕೊಳ್ಳುವ ಮುಂಚೆ ಇಷ್ಟು ಆಡಲೇಬೇಕು ಅನ್ನುವ ಷರತ್ತು ಮುಗಿಯುವವರೆಗೆ, ಗರಿಷ್ಠ ಬೆಟ್ಟಿನ ಮಿತಿ ದಾಟಿದ ಆಟ ಒಂದಾದರೂ ಇದೆಯಾ? ಕಂಪ್ಯೂಟರಿನಲ್ಲಿ ಫಿಲ್ಟರ್ ಹಾಕಿದರೆ ಅರೆಗಳಿಗೆಯಲ್ಲಿ ಸಿಗುತ್ತಿತ್ತು. ಒಂದೇ ಒಂದು ಸಿಕ್ಕರೂ ಸಾಕು, ಗೆಲುವೆಲ್ಲ ರದ್ದು. ಕಟ್ಟಿದ ಅಸಲು ವಾಪಸ್ಸು ಹೋದರೆ ಅವರ ಪುಣ್ಯ.

ಮಿತಿ ಇದ್ದರೆ ಅದಕ್ಕಿಂತ ಹೆಚ್ಚಿನ ಬೆಟ್ಟನ್ನು ಆಟವೇ ತಡೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ತಡೆಯುವುದಿಲ್ಲ. ಐನೂರು ಒತ್ತಿದರೆ ಐನೂರು ಹೋಗುತ್ತದೆ, ಸಾವಿರ ಒತ್ತಿದರೆ ಸಾವಿರ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸೋತರೆ ಯಾರೂ ಕೇಳುವುದಿಲ್ಲ. ಗೆದ್ದು ಹಣ ಕೇಳಿದಾಗ ಮಾತ್ರ ಆ ನಿಯಮ ಎದ್ದು ಬರುತ್ತದೆ.

ಶಿರಸಿ ಕಡೆಯ ನನ್ನ ಭಾವನೊಬ್ಬ ಒಂದು ಮಳೆಗಾಲದಲ್ಲಿ ಫೋನ್ ಮಾಡಿ, "ಐದು ಸಾವ್ರ ಕಟ್ಟಿದ್ರೆ ಇನ್ನೈದು ಸಾವ್ರ ಪುಕ್ಕಟೆ ಕೊಡ್ತ್ವಡ, ಭಾವ" ಅಂದ. ಇಂಥ ಆಟಗಳನ್ನು ನಿಷೇಧಿಸಿದ 2025ರ ಕಾಯಿದೆ ಬರುವ ಮುಂಚಿನ ಮಾತು ಅದು. ಹಣ ಕಟ್ಟಬೇಡ, ಮೊದಲು ಷರತ್ತಿನ ಪುಟ ಕಳಿಸು ಅಂದೆ. ಅವನು ಜಾಹೀರಾತಿನ ಫೋಟೊ ಕಳಿಸಿದ. ಅದರಲ್ಲಿ ಏನೂ ಇರುವುದಿಲ್ಲ. ನಿಜವಾದದ್ದು ಸೈಟಿನ ಅಡಿಯಲ್ಲಿ ಸಣ್ಣ ಅಕ್ಷರದ Bonus Terms ಎಂಬ ಕೊಂಡಿಯ ಹಿಂದೆ ಇರುತ್ತದೆ. ಆ ಪುಟ ತೆರೆದು ನಾನು ಪೂರ್ತಿ ಓದುತ್ತ ಕೂರುವುದಿಲ್ಲ. `wager`, `maximum bet`, `contribution`, `expire` ಅಂತ ಒಂದೊಂದಾಗಿ ಹುಡುಕಿ, ಸಿಕ್ಕ ಸಾಲುಗಳ ಸ್ಕ್ರೀನ್‌ಶಾಟ್ ತಾರೀಖು ಕಾಣುವಂತೆ ತೆಗೆದಿಡುತ್ತೇನೆ. ನಾಳೆ ಪುಟ ಬದಲಾದರೆ ನಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ.

ಭಾವನ ಆಫರಿನಲ್ಲಿ ಸಿಕ್ಕಿದ್ದು ಇಷ್ಟು. ಕಟ್ಟಿದ ಹಣ ಮತ್ತು ಬೋನಸ್ ಎರಡನ್ನೂ ಸೇರಿಸಿ, ಅದರ 35 ಪಟ್ಟು ಆಡಬೇಕು. ಒಂದು ಬೆಟ್ 400 ರೂಪಾಯಿ ದಾಟಬಾರದು. ಸ್ಲಾಟ್ ಆಟಗಳಲ್ಲಿ ಹಾಕಿದ್ದು ನೂರಕ್ಕೆ ನೂರು ಲೆಕ್ಕಕ್ಕೆ ಬರುತ್ತದೆ, ರೂಲೆಟ್‌ನಲ್ಲಿ ನೂರಕ್ಕೆ 20, ಬ್ಲ್ಯಾಕ್‌ಜಾಕ್‌ನಲ್ಲಿ ನೂರಕ್ಕೆ 10. ಅವಧಿ 7 ದಿನ.

ಬಿಡಿಬಿಡಿಯಾಗಿ ಓದಿದರೆ ಯಾವುದೂ ಅನ್ಯಾಯ ಅನ್ನಿಸುವುದಿಲ್ಲ. ಅದಕ್ಕೇ ನಾನು ಎಲ್ಲವನ್ನೂ ಒಂದೇ ಹಾಳೆಗೆ ತಂದು ರೂಪಾಯಿಯಲ್ಲಿ ಬರೆಯುತ್ತೇನೆ. ಹತ್ತು ಸಾವಿರದ 35 ಪಟ್ಟು ಅಂದರೆ ಮೂರೂವರೆ ಲಕ್ಷ. ಬೋನಸ್ಸಿಗೆ ಮಾತ್ರ 35 ಪಟ್ಟು ಅಂತಿದ್ದಿದ್ದರೆ ಇದರ ಅರ್ಧ ಆಗುತ್ತಿತ್ತು. 'ಮತ್ತು' ಅನ್ನುವ ಒಂದು ಪದದ ಬೆಲೆ ಇಲ್ಲಿ ಒಂದೂಮುಕ್ಕಾಲು ಲಕ್ಷದ ಆಟ.

ಭಾವನಿಗೆ ಇಷ್ಟ ಇದ್ದದ್ದು ಬ್ಲ್ಯಾಕ್‌ಜಾಕ್. ಇಸ್ಪೀಟು ಬಲ್ಲವನು, ಸ್ಲಾಟ್ ಅಂದರೆ ಬರೀ ಗುಂಡಿ ಒತ್ತುವುದು ಅಂತ ಅವನ ತಾತ್ಸಾರ. ಆದರೆ ಅಲ್ಲಿ ನೂರು ರೂಪಾಯಿ ಹಾಕಿದರೆ ಹತ್ತೇ ರೂಪಾಯಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅವನಿಗೆ ಮೂರೂವರೆ ಲಕ್ಷ ಹೋಗಿ 35 ಲಕ್ಷ ಆಯಿತು. ಪ್ರತಿ ಕೈಗೂ ಮಿತಿಯಷ್ಟು, ಅಂದರೆ 400 ರೂಪಾಯಿಯನ್ನೇ ಹಾಕಿದರೂ 8,750 ಕೈ ಆಡಬೇಕು. ಗಂಟೆಗೆ 200 ಕೈ ಓಡಿಸಿದರೂ ಸುಮಾರು 44 ಗಂಟೆ, ಏಳು ದಿನವೂ ದಿನಕ್ಕೆ ಆರು ಗಂಟೆಗಿಂತ ಜಾಸ್ತಿ. ಬೇಗ ಮುಗಿಸೋಣ ಅಂದರೆ ಬೆಟ್ ಏರಿಸಬೇಕು, ಏರಿಸಲು ಮಿತಿ ಬಿಡುವುದಿಲ್ಲ. ನಿಧಾನ ಆಡೋಣ ಅಂದರೆ ಅವಧಿ ಬಿಡುವುದಿಲ್ಲ.

ಮೇಲಿಂದ ಆಷಾಢದ ಮಳೆ. ಅವನ ಊರಲ್ಲಿ ಕರೆಂಟು ಹೋದರೆ ಎರಡು ದಿನ ಬರದಿದ್ದದ್ದುಂಟು, ಕರೆಂಟಿನ ಹಿಂದೆಯೇ ಟವರ್ರೂ ಮಲಗುತ್ತದೆ. ಏಳು ದಿನದ ಗಡಿಯಾರ ಕರೆಂಟಿಗೆ ಕಾಯುವುದಿಲ್ಲ. ಅದು ಓಡಲು ಶುರುವಾಗುವುದು ಮೊದಲ ಆಟದಿಂದಲೂ ಅಲ್ಲ, ಬೋನಸ್ ಖಾತೆಗೆ ಬಿದ್ದ ಗಳಿಗೆಯಿಂದ. ಅವಧಿ ಮುಗಿದಾಗ ಬೋನಸ್ ಜೊತೆಗೆ ಅದರಿಂದ ಗೆದ್ದದ್ದೂ ಹೋಗುತ್ತದೆ.

"ಹಂಗಾರೆ ಸ್ಲಾಟೇ ಆಡ್ತೆ" ಅಂದ. ಸರಿ, ಅದನ್ನೂ ಬರೆದೆ. ನೂರು ರೂಪಾಯಿ ಹಾಕಿದರೆ ಬಹಳ ಕಾಲದ ಸರಾಸರಿಯಲ್ಲಿ 96 ವಾಪಸ್ ಕೊಡುವ ಸ್ಲಾಟ್ ಅಂದರೆ ಒಳ್ಳೆಯ ಸ್ಲಾಟ್ ಅಂತಲೇ ಲೆಕ್ಕ. ಮೂರೂವರೆ ಲಕ್ಷದಲ್ಲಿ ನೂರಕ್ಕೆ 4 ಅಂದರೆ 14,000 ರೂಪಾಯಿ ಖೋತಾ. ಅವನ ಖಾತೆಯಲ್ಲಿ ಬೋನಸ್ ಸೇರಿ ಇರುವುದೇ 10,000. ಅದೃಷ್ಟ ಇದ್ದವನೊಬ್ಬ ದಡ ಸೇರಬಹುದು. ಸರಾಸರಿ ಲೆಕ್ಕದಲ್ಲಿ ದುಡ್ಡು ಎರಡೂವರೆ ಲಕ್ಷ ಆಡುವಷ್ಟರಲ್ಲೇ ಖಾಲಿ.

ಇನ್ನು 400ರ ಮಿತಿ. ನಾನು ಬೆಟ್ ಏರಿಸುವುದೇ ಇಲ್ಲ ಅನ್ನುವವನೂ ಇದರಲ್ಲಿ ಸಿಕ್ಕಿಬೀಳುತ್ತಾನೆ. ಬ್ಲ್ಯಾಕ್‌ಜಾಕ್‌ನಲ್ಲಿ 300 ಹಾಕಿ ನಡುವೆ ಬೆಟ್ಟನ್ನು ಡಬಲ್ ಮಾಡಿದರೆ ದಾಖಲೆಯಲ್ಲಿ ಕಾಣುವುದು 600. ಕೆಲವು ಸ್ಲಾಟ್‌ಗಳಲ್ಲಿ ಆಟದೊಳಗಿನ ವಿಶೇಷ ಸುತ್ತನ್ನು ದುಡ್ಡು ಕೊಟ್ಟೇ ಕೊಳ್ಳುವ ಗುಂಡಿ ಇರುತ್ತದೆ. 20 ರೂಪಾಯಿ ಬೆಟ್ಟಿನಲ್ಲಿ ಅದನ್ನು ಒತ್ತಿದರೆ, ಬೆಲೆ ನೂರು ಪಟ್ಟು ಇದ್ದಲ್ಲಿ, ಹೋಗುವುದು 2,000. ಆಡುವವನ ಮನಸ್ಸಿನಲ್ಲಿ ಅದು ಇಪ್ಪತ್ತು ರೂಪಾಯಿಯ ಆಟ, ನನ್ನ ಫಿಲ್ಟರಿನಲ್ಲಿ ಎರಡು ಸಾವಿರದ ಬೆಟ್. ಇಂಥವು ಬಂದಾಗ ಎಷ್ಟೋ ಸಲ ಮೇಲಿನವರ ಹತ್ತಿರ, ಇವನಿಗೆ ಗೊತ್ತಾಗದೆ ಆಗಿದ್ದು ಅಂತ ಕಾಣುತ್ತದೆ ಅಂತ ಬರೆದಿದ್ದೇನೆ. ನಿಯಮದಲ್ಲಿದೆ ಅನ್ನುವುದೇ ಉತ್ತರ.

ಆದ್ದರಿಂದ ಷರತ್ತು ಅಸ್ಪಷ್ಟ ಇದ್ದರೆ ಚಾಟ್‌ನಲ್ಲಿ ಬರಹದಲ್ಲೇ ಕೇಳಿಸುತ್ತೇನೆ. ಡಬಲ್ ಮಾಡಿದ್ದು ಒಂದೇ ಬೆಟ್ಟಾ, ಎರಡಾ? ನನ್ನ ಸ್ವಂತ ಹಣ ಇನ್ನೂ ಖರ್ಚಾಗುತ್ತಿರುವಾಗಲೂ ಮಿತಿ ಅನ್ವಯಿಸುತ್ತದಾ? ಮಿತಿ ದಾಟಿದ ಬೆಟ್ಟನ್ನು ಆಟವೇ ತಡೆಯುತ್ತದಾ? ಮೂರನೆಯದಕ್ಕೆ ಬರುವ ಉತ್ತರವೇ ಮುಖ್ಯ. ಭಾವನಿಗೆ ಬಂದದ್ದು, ದಯವಿಟ್ಟು ನಿಯಮಗಳನ್ನು ಓದಿ ಅಂತ. ಅವನು ಹಣ ಕಟ್ಟಲಿಲ್ಲ.

ಈ ಷರತ್ತುಗಳಿಗೆ ಲಗಾಮು ಹಾಕಲು ಆಗುವುದಿಲ್ಲ ಅಂತೇನಿಲ್ಲ. ಬ್ರಿಟನ್ನಿನಲ್ಲಿ 2026ರ ಜನವರಿ 19ರಿಂದ ಬೋನಸ್ಸನ್ನು 10 ಪಟ್ಟಿಗಿಂತ ಹೆಚ್ಚು ಆಡಿಸುವಂತಿಲ್ಲ. ಭಾವನ ಐದು ಸಾವಿರಕ್ಕೆ ಅದೇ ಲೆಕ್ಕ ಹಾಕಿದರೆ 50,000ದ ಆಟ, ಅದೇ ಸ್ಲಾಟಿನಲ್ಲಿ ಸರಾಸರಿ ಖೋತಾ 2,000. ಆಗ ಬೋನಸ್ಸಿನಲ್ಲಿ ಏನಾದರೂ ಉಳಿಯುತ್ತದೆ.

ನಮ್ಮಲ್ಲಿ 2025ರ ಆಗಸ್ಟ್‌ನ ಕೇಂದ್ರ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ, ಅವುಗಳ ಜಾಹೀರಾತನ್ನೂ ಸೇರಿಸಿ. ಆದರೂ ಟೆಲಿಗ್ರಾಂನಲ್ಲಿ, ವಾಟ್ಸಾಪಿನಲ್ಲಿ ಆಫರು ಬರುವುದು ನಿಂತಿಲ್ಲ, ಈಗ ನೂರಲ್ಲ ಇನ್ನೂರು ಪರ್ಸೆಂಟ್ ಅಂತ. ಭಾವ ಈಗಲೂ ಅಂಥವನ್ನು ನನಗೆ ಕಳಿಸುತ್ತಾನೆ, ತಮಾಷೆಗೆ. ಕೊನೆಯದರಲ್ಲಿ ಷರತ್ತಿನ ಪುಟವೇ ಇರಲಿಲ್ಲ, 'ಕಂಪನಿಯ ತೀರ್ಮಾನವೇ ಅಂತಿಮ' ಅನ್ನುವ ಒಂದು ಸಾಲು ಮಾತ್ರ ಇತ್ತು. ಅದರ ಮೇಲೆ ಲೆಕ್ಕ ಹಾಕಲು ಏನೂ ಇಲ್ಲ, ಹಣ ತಡೆದರೆ ದೂರು ಕೊಡಲು ಅವರ ವಿಳಾಸವೂ ಇಲ್ಲ. ನಂಬರ್ ಬ್ಲಾಕ್ ಮಾಡು ಅಂದೆ.