ಮೂಲದಲ್ಲಿಲ್ಲದ ಒಂದು ಮಾತು

ಬಸವನಗುಡಿಯ ಪುಟ್ಟ ಕಚೇರಿಯೊಂದರಲ್ಲಿ ಆರೋಗ್ಯದ ಕರಪತ್ರಗಳನ್ನು ಸುಲಭ ಕನ್ನಡದಲ್ಲಿ ತಿದ್ದಿ ಬರೆಯುವುದು ನನ್ನ ಕೆಲಸ. ಮಕ್ಕಳ ಭೇದಿಯ ಬಗೆಗಿನ ಕರಪತ್ರದಲ್ಲಿ ಮೂಲ ಹೀಗಿತ್ತು: ‘ಓಆರ್‌ಎಸ್ ದ್ರಾವಣವು ಭೇದಿಯಿಂದಾಗುವ ನಿರ್ಜಲೀಕರಣವನ್ನು ತಡೆಯುತ್ತದೆ. ಭೇದಿ ನಿಂತ ನಂತರವೂ ಜಿಂಕ್ ಮಾತ್ರೆಯನ್ನು ಒಟ್ಟು 14 ದಿನ ನೀಡತಕ್ಕದ್ದು.’

ನಾನು ಬರೆದದ್ದು: ‘ಓಆರ್‌ಎಸ್ ಕುಡಿಸಿದರೆ ಭೇದಿ ನಿಲ್ಲುತ್ತದೆ. ಜಿಂಕ್ ಮಾತ್ರೆ 14 ದಿನ ಕೊಡಿ.’

ಓದೋಕೆ ಎಷ್ಟು ಸಲೀಸು, ಅಲ್ವಾ? ಎರಡು ಸಲ ಓದಿದರೂ ನನಗೆ ತಪ್ಪು ಕಾಣಲಿಲ್ಲ. ಸಿಕ್ಕಿದ್ದು ಸಾಲು ಸಾಲಾಗಿ ತಾಳೆ ನೋಡಿದಾಗಲೇ.

ತಾಳೆ ನೋಡುವ ಮೊದಲು ಮೂಲದ ವಾಕ್ಯಗಳನ್ನು ಒಡೆಯುತ್ತೇನೆ. ನಂಬರು ಹಾಕುವುದು ವಾಕ್ಯಕ್ಕಲ್ಲ, ಅದು ಹೇಳುವ ಒಂದೊಂದು ಸಂಗತಿಗೆ. ಜಿಂಕ್ ವಾಕ್ಯ ಒಂದೇ ಆದರೂ ಅದರಲ್ಲಿ ಮೂರು ಸಂಗತಿಗಳಿವೆ: ಮಾತ್ರೆ ಕೊಡಬೇಕು, ಒಟ್ಟು 14 ದಿನ ಕೊಡಬೇಕು, ಭೇದಿ ನಿಂತರೂ ಬಿಡಬಾರದು. ಆ ಮೂರನೆಯದು ‘ನಂತರವೂ’ ಎಂಬ ಪದದ ಕೊನೆಯ ‘ಊ’ ಮೇಲೆ ನಿಂತಿದೆ. ನನ್ನ ಬರಹದಲ್ಲಿ ಹುಡುಕಿದರೆ ಆ ನಂಬರಿಗೆ ಜಾಗವೇ ಇಲ್ಲ. ಮಗು ಮೂರನೇ ದಿನ ಚೇತರಿಸಿಕೊಂಡರೆ ತಾಯಿ ಮಾತ್ರೆ ನಿಲ್ಲಿಸಿಬಿಡುತ್ತಾಳೆ. ಆ ವಾಕ್ಯ ಇದ್ದದ್ದೇ ಅದನ್ನು ತಡೆಯಲು.

ಹೀಗೆ ಮೂಲದಿಂದ ಹೊರಟರೆ ಬಿಟ್ಟುಹೋದದ್ದು ಸಿಗುತ್ತದೆ. ಸೇರಿಕೊಂಡದ್ದು ಸಿಗಬೇಕಾದರೆ ಹೊಸ ಬರಹದಿಂದ ಹಿಂದಕ್ಕೆ ಬರಬೇಕು. ಇದಕ್ಕೆ ಇನ್ನೊಬ್ಬರು ಬೇಕು, ಯಾಕೆಂದರೆ ಬರೆದವರ ಕಣ್ಣು ಇಲ್ಲದ್ದನ್ನೂ ತುಂಬಿಕೊಂಡು ಓದುತ್ತದೆ. ನಮ್ಮ ಕಚೇರಿಯ ಹುಡುಗಿ ನನ್ನ ಸಾಲನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಮೂಲದಲ್ಲಿ ನಂಬರು ಹುಡುಕುತ್ತೇನೆ. ಅವತ್ತು ಮೊದಲ ಸಾಲಿಗೇ ಕೇಳಿದಳು, “ಮೇಡಂ, ಭೇದಿ ನಿಲ್ಲುತ್ತೆ ಅನ್ನೋದು ಎಷ್ಟನೇ ನಂಬರು?”

ಯಾವ ನಂಬರೂ ಅಲ್ಲ. ಓಆರ್‌ಎಸ್ ಮೈಯ ನೀರು, ಉಪ್ಪಿನ ಅಂಶ ಇಳಿದುಹೋಗದಂತೆ ನೋಡಿಕೊಳ್ಳುತ್ತದೆ. ಭೇದಿಯನ್ನು ಅದು ನಿಲ್ಲಿಸುವುದಿಲ್ಲ. ‘ನಿರ್ಜಲೀಕರಣ’ ಕಷ್ಟದ ಪದ ಅಂತ ತೆಗೆಯಲು ಹೋಗಿ ಮೂಲ ಹೇಳದ ಮಾತನ್ನೇ ನಾನು ಹೇಳಿಬಿಟ್ಟಿದ್ದೆ. ಅದನ್ನು ನಂಬಿ ಕುಡಿಸಿದ ತಾಯಿ, ಸಂಜೆಯಾದರೂ ಭೇದಿ ನಿಲ್ಲದಿದ್ದರೆ ‘ಇದರಿಂದ ಉಪಯೋಗವಿಲ್ಲ’ ಅಂತ ಕೈಬಿಡಬಹುದು. ಈಗ ಆ ಸಾಲು ಹೀಗಿದೆ: ‘ಭೇದಿಯಾದಾಗ ಮೈಯಲ್ಲಿ ನೀರು ಕಡಿಮೆಯಾಗದಂತೆ ಓಆರ್‌ಎಸ್ ಕಾಪಾಡುತ್ತದೆ.’

ಮೂಲವೇ ತಪ್ಪಿದ್ದರೆ ಈ ತಾಳೆ ಅದನ್ನು ಹಿಡಿಯುವುದಿಲ್ಲ. ಅದು ಡಾಕ್ಟರ್ ನೋಡಬೇಕಾದದ್ದು. ಸೇರಿಸಿದ್ದೆಲ್ಲವೂ ತೆಗೆಯಬೇಕಾದದ್ದೂ ಅಲ್ಲ. ‘ಒಂದು ಲೀಟರ್ ನೀರು’ ಎಂಬಲ್ಲಿ ‘ಒಂದು ಲೀಟರ್‌ನ ಬಾಟಲಿಯಲ್ಲಿ ಅಳೆಯಿರಿ’ ಅಂತ ನಾನೇ ಬೇಕೆಂದು ಸೇರಿಸಿದ್ದೆ. ಅಂಥದ್ದರ ಕೆಳಗೆ ಕೆಂಪು ಗೆರೆ ಎಳೆದು ಡಾಕ್ಟರ್‌ಗೆ ಕಳಿಸುತ್ತೇನೆ. ಅವರು ಒಪ್ಪಿ, ‘ತೊಳೆದ ಬಾಟಲಿ’ ಅಂತ ತಿದ್ದಿ ಕಳಿಸಿದರು. ಆಮೇಲೆ ಅದಕ್ಕೂ ಒಂದು ನಂಬರು ಕೊಟ್ಟೆ.