20 ಬೈಟ್‌ನ ಬ್ಯಾಕಪ್

ಬದಿಯಡ್ಕದ ಸಮೀಪದ ನಮ್ಮ ವಾಚನಾಲಯದ ಸರ್ವರನ್ನು ಹನ್ನೊಂದು ವರ್ಷ ನಾನೊಬ್ಬನೇ ನೋಡಿಕೊಂಡೆ. ತಾಳಮದ್ದಳೆಯ ಧ್ವನಿಮುದ್ರಣಗಳು, ಸ್ಕ್ಯಾನ್ ಮಾಡಿದ ಹಳೆಯ ಸ್ಮರಣ ಸಂಚಿಕೆಗಳು, ಪುಸ್ತಕಗಳ ಪಟ್ಟಿ, ಎರವಲಿನ ಲೆಕ್ಕ ಎಲ್ಲವೂ ಅದರಲ್ಲಿವೆ. ಈ ವರ್ಷ ಕಣ್ಣು ಸಹಕರಿಸದೆ ಹೊಣೆ ಬಿಡಬೇಕಾಯಿತು. ವಹಿಸಿಕೊಳ್ಳಲು ಮುಂದೆ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗಾಗಿ ನಾಲ್ಕು ಪುಟದ ಹಸ್ತಾಂತರ ಪತ್ರ ಬರೆದೆ.

ಬರೆದದ್ದು ಸರಿಯಿದೆಯೇ ಎಂದು ನಾನೇ ಓದಿ ನೋಡಿದರೆ ತಿಳಿಯುವುದಿಲ್ಲ. ಬಿಟ್ಟುಹೋದದ್ದನ್ನೆಲ್ಲ ನನ್ನ ತಲೆಯೇ ತುಂಬಿಸಿಕೊಳ್ಳುತ್ತದೆ. ಆದ್ದರಿಂದ ಆಗಸ್ಟ್‌ನ ಒಂದು ಶನಿವಾರ ಅವಳ ಮುಂದೆ ಖಾಲಿ ಲ್ಯಾಪ್‌ಟಾಪ್, ಬ್ಯಾಕಪ್ ಡಿಸ್ಕ್ ಮತ್ತು ಆ ಪತ್ರವನ್ನು ಇಟ್ಟೆ. “ಸರ್ವರ್ ಸುಟ್ಟುಹೋಗಿದೆ, ನಾನು ಊರಲ್ಲಿಲ್ಲ ಎಂದುಕೊಂಡು ಎಲ್ಲವನ್ನೂ ಮರಳಿ ನಿಲ್ಲಿಸು” ಎಂದು ಹೇಳಿ ಬಾಯಿ ಮುಚ್ಚಿ ಕುಳಿತೆ.

ಮೊದಲ ತಡೆ ಹತ್ತು ನಿಮಿಷದಲ್ಲೇ ಬಂತು. “ಮಾಸ್ಟ್ರೇ, ಡಿಸ್ಕ್ ಪಾಸ್‌ವರ್ಡ್ ಕೇಳುತ್ತಿದೆ. ಪತ್ರದಲ್ಲಿ ಇಲ್ಲವಲ್ಲ?” ನಾವು ಬಳಸುವ ಬ್ಯಾಕಪ್ ತಂತ್ರಾಂಶ `restic` ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುತ್ತದೆ, ಪಾಸ್‌ವರ್ಡ್ ಹೋದರೆ ಡಿಸ್ಕ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅದು ಇದ್ದದ್ದು ಎರಡೇ ಕಡೆ: ಸುಟ್ಟುಹೋಗಿದೆ ಎಂದುಕೊಂಡ ಸರ್ವರಿನಲ್ಲಿ ಮತ್ತು ನನ್ನ ನೆನಪಿನಲ್ಲಿ. ಒಂದೇ ಭಂಡಾರಕ್ಕೆ ಹಲವು ಪಾಸ್‌ವರ್ಡ್ ಇಡಲು ಅದರಲ್ಲಿ ಅವಕಾಶವಿದೆ. ಅಲ್ಲೇ `restic key add` ಕೊಟ್ಟು ಅವಳಿಗೊಂದು, ವಾಚನಾಲಯದ ಕಪಾಟಿನ ಮೊಹರು ಮಾಡಿದ ಲಕೋಟೆಗೊಂದು ಸೇರಿಸಿದೆವು. ನಮ್ಮಲ್ಲಿ ಎರಡು ಡಿಸ್ಕ್‌ಗಳಿವೆ. ಪ್ರತಿ ಶನಿವಾರ ಅದಲುಬದಲು ಮಾಡಿ ಒಂದನ್ನು ಕಾರ್ಯದರ್ಶಿಯವರ ಮನೆಯಲ್ಲಿ ಇಡುತ್ತೇವೆ. ಎರಡೂ ಬೇರೆ ಬೇರೆ ಭಂಡಾರಗಳಾದ್ದರಿಂದ ಈ ಕೆಲಸವನ್ನು ಎರಡರಲ್ಲೂ ಮಾಡಬೇಕು. ಇದು ಅವಳಿಗೆ ಹೊಳೆಯಿತು, ನನಗೆ ಹೊಳೆದಿರಲಿಲ್ಲ.

ಕಡತಗಳು ಬಂದವು, ಧ್ವನಿಮುದ್ರಣಗಳು ಕೇಳಿಸಿದವು. ಆದರೆ ಪುಸ್ತಕಗಳ ಪಟ್ಟಿ ತೆರೆದರೆ ಖಾಲಿ. ದತ್ತಸಂಚಯದ ಪ್ರತಿಯ ಗಾತ್ರ ನೋಡಿದಳು: `db.sql.gz`, 20 ಬೈಟ್. ಏನೂ ಇಲ್ಲದ್ದನ್ನು ಕಡತ ಕುಗ್ಗಿಸುವ `gzip` ಮೂಲಕ ಹಾಯಿಸಿದರೆ ಸಿಗುವುದು ಸರಿಯಾಗಿ ಅಷ್ಟೇ. ಹಿಂದಿನ ದಿನದ್ದೂ 20, ಹಿಂದಿನ ವಾರದ್ದೂ 20. ನನ್ನ ಕೈ ತಣ್ಣಗಾಯಿತು.

ಕಾರಣ ಹುಡುಕುತ್ತ ಮೇ ತಿಂಗಳಿಗೆ ಹೋದೆವು. ಆಗ ದತ್ತಸಂಚಯದ ಪಾಸ್‌ವರ್ಡ್ ಬದಲಿಸಿ, ಜಾಲತಾಣದ ಸಂರಚನೆಯಲ್ಲಿ ತಿದ್ದಿದ್ದೆ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ತಿದ್ದಲು ಮರೆತಿದ್ದೆ. ತಾಣ ನಡೆಯುತ್ತಿದ್ದುದರಿಂದ ಸಂಶಯವೇ ಬರಲಿಲ್ಲ. ಪ್ರತಿ ರಾತ್ರಿ ದತ್ತಸಂಚಯದ ಪ್ರತಿ ತೆಗೆಯುವ `mysqldump` ಸೋಲುತ್ತಿತ್ತು, ಆದರೆ ಅದರ ಮುಂದೆ ಪೈಪಿನಲ್ಲಿದ್ದ `gzip` ಗೆಲ್ಲುತ್ತಿತ್ತು. ಶೆಲ್ ಲೆಕ್ಕಕ್ಕೆ ಹಿಡಿಯುವುದು ಪೈಪಿನ ಕೊನೆಯ ಆದೇಶದ ಫಲಿತಾಂಶವನ್ನು ಮಾತ್ರ. ದೋಷದ ಸಂದೇಶವನ್ನಾದರೂ ನೋಡಬಹುದಿತ್ತು. ಕಿರಿಕಿರಿಯೆಂದು ವರ್ಷಗಳ ಹಿಂದೆ ನಾನೇ ಅದನ್ನು, ಹಾಕಿದ್ದೆಲ್ಲ ಮಾಯವಾಗುವ `/dev/null`ಗೆ ಕಳುಹಿಸಿದ್ದೆ. ನಿಜವಾದ ಸರ್ವರ್ ಇನ್ನೂ ಓಡುತ್ತಿದ್ದುದರಿಂದ ಏನೂ ನಷ್ಟವಾಗಲಿಲ್ಲ. ಆ ಮಳೆಗಾಲದಲ್ಲಿ ಅದು ಕೆಟ್ಟಿದ್ದರೆ ಏಪ್ರಿಲ್‌ನ ಮಾಸಿಕ ಪ್ರತಿಯೊಂದೇ ಗತಿ.

ಸ್ಕ್ರಿಪ್ಟನ್ನು ಹೀಗೆ ತಿದ್ದಿದೆವು, ಪಾಸ್‌ವರ್ಡ್‌ಗಳ ಮತ್ತು ಭಂಡಾರದ ಜಾಗದ ಸಾಲುಗಳನ್ನು ಇಲ್ಲಿ ಬಿಟ್ಟಿದ್ದೇನೆ:

```
#!/bin/bash
set -eo pipefail
mysqldump --single-transaction pustaka | gzip > /var/backups/db.sql.gz
restic backup /var/backups /srv
```

`pipefail` ಇದ್ದರೆ ಪೈಪಿನ ಯಾವ ತುದಿ ಸೋತರೂ ಇಡೀ ಸಾಲು ಸೋತಂತೆ. `-e` ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಮೊದಲ ಸಾಲಿನಲ್ಲಿ `bash` ಎಂದೇ ಇರಬೇಕು, ಏಕೆಂದರೆ ಡೆಬಿಯನ್‌ನ `sh` ಬೇರೆಯೇ ಶೆಲ್. ದೋಷದ ಸಂದೇಶ ಈಗ ಅವಳ ಇಮೇಲ್‌ಗೆ ಹೋಗುತ್ತದೆ. ಸಂದೇಶವೂ ತಪ್ಪಿಹೋಗಬಹುದು. ಅದಕ್ಕೆ ಪ್ರತಿ ತಿಂಗಳ ಮೊದಲ ಶನಿವಾರ ಪ್ರತಿಯನ್ನು ಲ್ಯಾಪ್‌ಟಾಪ್‌ಗೆ ಇಳಿಸಿ, ಪುಸ್ತಕಗಳನ್ನು ಎಣಿಸಿ, ಸರ್ವರಿನ ಎಣಿಕೆಯ ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುವುದು ಎಂದು ಪತ್ರದಲ್ಲಿ ಸೇರಿಸಿದೆ.

ಪ್ರವೇಶದ ವಿಷಯಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಡೊಮೇನ್ ಹೆಸರಿನ ಖಾತೆ ನನ್ನ ಸ್ವಂತ ಇಮೇಲ್‌ನಲ್ಲಿತ್ತು, ಓಟಿಪಿ ನನ್ನ ಮೊಬೈಲಿಗೇ ಬರುತ್ತಿತ್ತು. ಎರಡನ್ನೂ ವಾಚನಾಲಯದ ಹೆಸರಿಗೆ ಬದಲಿಸಿದೆವು. ಅವಳ `ssh` ಕೀಲಿ ಸೇರಿಸಿ, ಅವಳು ತನ್ನ ಮನೆಯಿಂದ ಒಳಗೆ ಬಂದು `sudo` ಮಾಡಿ ತೋರಿಸುವವರೆಗೆ ನನ್ನದನ್ನು ತೆಗೆಯಲಿಲ್ಲ.

ಪತ್ರದಲ್ಲಿ ಅವಳು ಕೇಳಿ ಬರೆಸಿಕೊಂಡ ಸಾಲು ಇನ್ನೊಂದಿದೆ. ತುಲಾವರ್ಷದ ಸಂಜೆಗಳಲ್ಲಿ ಗುಡುಗು ಕೇಳಿದರೆ ವಿದ್ಯುತ್ ಪ್ಲಗ್ ಮಾತ್ರವಲ್ಲ, ನೆಟ್‌ವರ್ಕ್ ತಂತಿಯನ್ನೂ ಕೀಳಬೇಕು. ಹಿಂದೊಮ್ಮೆ ಪ್ಲಗ್ ಕಿತ್ತಿಟ್ಟಿದ್ದರೂ ಸಿಡಿಲು ತಾಮ್ರದ ದೂರವಾಣಿ ತಂತಿಯ ಮೂಲಕ ಬಂದು ರೂಟರನ್ನೂ ಸರ್ವರಿನ ನೆಟ್‌ವರ್ಕ್ ಕಾರ್ಡನ್ನೂ ಸುಟ್ಟಿತ್ತು. ನನಗೆ ಅದು ಅಭ್ಯಾಸವಾಗಿಬಿಟ್ಟಿತ್ತು, ಬರೆಯಬೇಕೆಂದು ತೋಚಿರಲಿಲ್ಲ.

ಸೆಪ್ಟೆಂಬರ್‌ನ ಮೊದಲ ಶನಿವಾರ ಅವಳು ಫೋನ್ ಮಾಡಿ ಎರಡು ಸಂಖ್ಯೆಗಳನ್ನು ಓದಿ ಹೇಳಿದಳು. ಎರಡೂ ಒಂದೇ ಆಗಿದ್ದವು. ಆ ಸಂಜೆ ನನ್ನ ಕೀಲಿಯನ್ನು ತೆಗೆದುಹಾಕಲು ಹೇಳಿದೆ.